ಪರಿಸರ ಪರಿಣಾಮ ವರದಿಯನ್ನು ಎರಡು ಪುಟಕ್ಕಿಳಿಸುವ ಕ್ರಮ: ಪೆರಿಫೆರಲ್ ರಿಂಗ್ ರಸ್ತೆಯ ಪಾಠ

ಬೃಹತ್ ಯೋಜನೆಯೊಂದರ ಪರಿಸರ ಪರಿಣಾಮ ಮೌಲ್ಯಮಾಪನ ವರದಿಯು ಸಾಮಾನ್ಯವಾಗಿ ನೂರಾರು ಪುಟಗಳಷ್ಟಿರುತ್ತದೆ. ಸಾರ್ವಜನಿಕ ಅಹವಾಲು ಸಭೆಗೆ ಮುಂಚೆ ಅದನ್ನು ಓದಲು ದೊರೆಯುವ ಕಾಲಾವಕಾಶವಾದರೋ ಕನಿಷ್ಠ 30 ದಿನಗಳು. ಪೀಣ್ಯದಲ್ಲಿ ಲೇತ್ ಯಂತ್ರಗಳನ್ನಿಟ್ಟುಕೊಂಡು ಶೆಡ್ ನಡೆಸುವವರಿಗಾಗಲಿ, ವೈಟ್‌ಫೀಲ್ಡ್‌ನಲ್ಲಿ ಉಗ್ರಾಣ ಹೊಂದಿದ ವರ್ತಕರಿಗಾಗಲಿ ಅಷ್ಟು ಪುಟಗಳನ್ನು ಓದುವ ವ್ಯವಧಾನವಿರುವುದಿಲ್ಲ. ಆದ್ದರಿಂದ ಪ್ರದೇಶದ ಕೈಗಾರಿಕಾ ಸಂಘವು ತನ್ನ ಸದಸ್ಯರೊಬ್ಬರಿಗೆ ಈ ಕೆಲಸವನ್ನು ವಹಿಸಿ, ಅವರು ಸಿದ್ಧಪಡಿಸಿದ ಎರಡು ಪುಟಗಳ ಸಾರಾಂಶವನ್ನು ಉಳಿದವರಿಗೆ ಹಂಚುವುದು ಸೂಕ್ತವಾದ ಮಾರ್ಗ. ಆ ಸದಸ್ಯರು ಏನನ್ನು ಆಯ್ದುಕೊಳ್ಳಬೇಕು, ಏನನ್ನು ಬಿಡಬೇಕು, ಎಲ್ಲಿ ಎಚ್ಚರಿಕೆ ವಹಿಸಬೇಕು ಎಂಬುದು ಈ ಲೇಖನದ ವಿಷಯ.

ಯೋಜನೆಯ ಪ್ರವರ್ತಕರೇ ಒಂದು ಸಾರಾಂಶವನ್ನು ಕನ್ನಡದಲ್ಲಿ ಒದಗಿಸುತ್ತಾರಲ್ಲವೇ, ಮತ್ತೊಂದು ಏಕೆ ಎಂಬ ಪ್ರಶ್ನೆ ಸಹಜ. ಕೇಂದ್ರ ಸರ್ಕಾರದ 2006ರ ಸೆಪ್ಟೆಂಬರ್ 14ರ ಅಧಿಸೂಚನೆಯು ಅಂತಹ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿಯೂ ಕೊಡಬೇಕೆಂದು ವಿಧಿಸಿದೆ. ಅದು ಗರಿಷ್ಠ 10 ಪುಟಗಳಿರಬೇಕೆಂದೂ ಹೇಳಿದೆ. ಯೋಜನೆಯ ವಿವರಣೆ, ಪರಿಸರದ ಈಗಿನ ಸ್ಥಿತಿ, ನಿರೀಕ್ಷಿತ ಪರಿಣಾಮಗಳು, ಉಸ್ತುವಾರಿ, ಯೋಜನೆಯ ಪ್ರಯೋಜನಗಳು, ನಿರ್ವಹಣಾ ಯೋಜನೆ ಮೊದಲಾದವು ಅದರಲ್ಲಿ ಬರುತ್ತವೆ. ಆದರೆ ಪೂರ್ಣ ವರದಿಯಲ್ಲಿ ಪ್ರತ್ಯೇಕ ಅಧ್ಯಾಯವಾಗಿಯೇ ಇರುವ 'ಪರ್ಯಾಯಗಳ ವಿಶ್ಲೇಷಣೆ'ಯು ಸಾರಾಂಶಕ್ಕೆ ನಿಗದಿಯಾದ ಶೀರ್ಷಿಕೆಗಳಲ್ಲಿ ಇಲ್ಲ. ರಸ್ತೆಯು ಬೇರೆ ದಿಕ್ಕಿನಲ್ಲಿ ಹೋಗಬಹುದಾಗಿತ್ತೇ ಎಂದು ತಿಳಿಯಬಯಸುವ ಶೆಡ್ ಮಾಲೀಕರಿಗೆ ಪ್ರವರ್ತಕರ ಸಾರಾಂಶದಲ್ಲಿ ಉತ್ತರ ಸಿಗಲಾರದು. ಪೂರ್ಣ ವರದಿಯ ಪ್ರತಿಯನ್ನು ಜಿಲ್ಲಾಧಿಕಾರಿಗಳ ಕಚೇರಿ, ಸ್ಥಳೀಯ ಸಂಸ್ಥೆಗಳ ಕಚೇರಿಗಳಲ್ಲದೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿಯೂ ಇಡಬೇಕೆಂಬ ನಿಯಮವಿದೆ. ಉದ್ದಿಮೆದಾರರಿಗೆ ಪರಿಚಿತವಾದ ಕಚೇರಿಯೇ ಅದಾದ್ದರಿಂದ ಅಲ್ಲಿಂದಲೇ ಓದನ್ನು ಆರಂಭಿಸಬಹುದು.

ಉದಾಹರಣೆಗೆ ಆಯ್ದ ಯೋಜನೆ

ತುಮಕೂರು ರಸ್ತೆಯಿಂದ ಹೊರಟು, ಬಳ್ಳಾರಿ ರಸ್ತೆ ಹಾಗೂ ಹಳೇ ಮದ್ರಾಸ್ ರಸ್ತೆಗಳನ್ನು ದಾಟಿ ಹೊಸೂರು ರಸ್ತೆಯನ್ನು ಸೇರುವಂತೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಯೋಜಿಸಿದ ಪೆರಿಫೆರಲ್ ರಿಂಗ್ ರಸ್ತೆಯು ಈ ಪಾಠಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಅದರ ಒಂದು ತುದಿ ಪೀಣ್ಯದ ಕಡೆಗೆ, ಇನ್ನೊಂದು ತುದಿ ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ. ನಡುವೆ ವೈಟ್‌ಫೀಲ್ಡ್‌ನ ಹೊರವಲಯ. ಎಂಟು ಪಥಗಳು, ಸುಮಾರು 65 ಕಿಲೋಮೀಟರ್ ಉದ್ದ, 100 ಮೀಟರ್ ಅಗಲ ಎಂಬುದು ಮೂಲ ಕಲ್ಪನೆ. 2005ರಲ್ಲಿ ಪ್ರಾಥಮಿಕ ಅಧಿಸೂಚನೆಯೂ 2007ರಲ್ಲಿ ಅಂತಿಮ ಅಧಿಸೂಚನೆಯೂ ಹೊರಬಿದ್ದವು. ಅನಂತರದ ವರ್ಷಗಳಲ್ಲಿ ಉದ್ದ ಹೆಚ್ಚಿ, ಈಚೆಗೆ ಯೋಜನೆಗೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂಬ ಹೆಸರೂ ಬಂದಿದೆ.

ಈ ಯೋಜನೆಗೆ 2014ರ ನವೆಂಬರ್ 20ರಂದು ಪರಿಸರ ಅನುಮತಿ ದೊರೆಯಿತು. ಅದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರ ಫೆಬ್ರವರಿ 8ರಂದು, ಮೇಲ್ಮನವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್ 17ರಂದು ತೀರ್ಪಿತ್ತವು. ಅನುಮತಿಗೆ ಆಧಾರವಾದ ಮೌಲ್ಯಮಾಪನವು ದೋಷಯುಕ್ತವೆಂದು ಸರ್ವೋಚ್ಚ ನ್ಯಾಯಾಲಯವು ಕಂಡು, ಹೊಸದಾಗಿ ಕ್ಷಿಪ್ರ ಅಧ್ಯಯನ ನಡೆಸುವಂತೆ ಆದೇಶಿಸಿತು. ಆ ದೋಷಗಳಲ್ಲಿ ಹೆಚ್ಚಿನವು ವಿಜ್ಞಾನಿಗಳಿಗೆ ಮಾತ್ರ ಕಾಣುವಂಥವಲ್ಲ. ಲೆಕ್ಕದ ಪುಸ್ತಕ ನೋಡಿ ಅಭ್ಯಾಸವಿರುವ ವರ್ತಕರು ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ಓದಿದ್ದರೆ ಅವು ಕಣ್ಣಿಗೆ ಬೀಳುತ್ತಿದ್ದವು.

ಮೊದಲು ದಿನಾಂಕ

ಸಾರಾಂಶ ಬರೆಯುವವರು ಮೊದಲು ಗುರುತು ಮಾಡಿಕೊಳ್ಳಬೇಕಾದದ್ದು ಪರಿಣಾಮಗಳನ್ನಲ್ಲ, ಅಂಕಿಅಂಶಗಳು ಯಾವಾಗ ಸಂಗ್ರಹವಾದವು ಎಂಬುದನ್ನು. ಗಾಳಿ, ನೀರು, ಶಬ್ದ, ಮಣ್ಣು ಇವುಗಳ ಈಗಿನ ಸ್ಥಿತಿಯನ್ನು ಅಳೆದು ಕೊಟ್ಟ ಅಂಕಿಗಳಿಗೆ ತಳಮಟ್ಟದ ಮಾಹಿತಿ ಎನ್ನುತ್ತಾರೆ. ಮುಂದಿನ ಎಲ್ಲ ಊಹೆಗಳೂ ಆ ಅಡಿಪಾಯದ ಮೇಲೆಯೇ ನಿಲ್ಲುತ್ತವೆ. ರಿಂಗ್ ರಸ್ತೆಯ ವಿಷಯದಲ್ಲಿ ಅಧ್ಯಯನದ ನಿಬಂಧನೆಗಳು 2009ರ ನವೆಂಬರ್‌ನಲ್ಲಿ ನಿಗದಿಯಾದವು. ತಳಮಟ್ಟದ ಮಾಹಿತಿಯನ್ನು 2009ರ ಡಿಸೆಂಬರ್‌ನಿಂದ 2010ರ ಫೆಬ್ರವರಿಯವರೆಗೆ ಸಂಗ್ರಹಿಸಲಾಯಿತು. ಅಂತಿಮ ವರದಿ ಸಿದ್ಧವಾದದ್ದು 2014ರ ಅಕ್ಟೋಬರ್‌ನಲ್ಲಿ. ಮಾಹಿತಿಯು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದೆಂದು ಪರಿಸರ ಸಚಿವಾಲಯವು 2010ರ ಮಾರ್ಚ್ 22ರ ಜ್ಞಾಪನದಲ್ಲಿ ಹೇಳಿತ್ತು. ವರದಿಯ ಅಂಕಿಗಳಿಗೆ ಆಗಲೇ ನಾಲ್ಕೂವರೆ ವರ್ಷ ಮೀರಿತ್ತು. ಆ ಅವಧಿಯಲ್ಲಿ ವೈಟ್‌ಫೀಲ್ಡ್ ಸುತ್ತಲಿನ ಹಳ್ಳಿಗಳು ಎಷ್ಟು ಬದಲಾದವು ಎಂಬುದನ್ನು ಅಲ್ಲಿ ವ್ಯಾಪಾರ ಮಾಡಿದವರಿಗೆ ವಿವರಿಸಬೇಕಾಗಿಲ್ಲ.

ದಿನಾಂಕದಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ಎಂದರೆ ಬೆಂಗಳೂರಿನಲ್ಲಿ ಒಣ ಋತು. ನಗರಕ್ಕೆ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್ ಹಾಗೂ ಅಕ್ಟೋಬರ್ ತಿಂಗಳುಗಳಲ್ಲಿ. ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಹಿತಿಯನ್ನು ಆಧರಿಸುವುದು ಕ್ಷಿಪ್ರ ಅಧ್ಯಯನದಲ್ಲಿ ನಿಯಮಕ್ಕೆ ವಿರುದ್ಧವಲ್ಲ. ಆದರೆ ಒಣಗಿದ ರಾಜಕಾಲುವೆಯನ್ನು ನೋಡಿ ಬರೆದ ಪುಟವು ತುಂಬಿ ಹರಿಯುವ ರಾಜಕಾಲುವೆಯ ಬಗ್ಗೆ ಸಾಕ್ಷಿಯಾಗಲಾರದು. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ ಮತ್ತು ಹೊರವರ್ತುಲ ರಸ್ತೆಯ ಕಂಪನಿಗಳು ಜಲಾವೃತವಾದದ್ದನ್ನು ಕಂಡವರಿಗೆ ಈ ಅಂತರದ ಬೆಲೆ ಗೊತ್ತು. ಆದ್ದರಿಂದ ಸಾರಾಂಶದ ಮೊದಲ ಸಾಲಿನಲ್ಲಿಯೇ 'ಈ ಅಂಕಿಗಳು ಇಂಥ ತಿಂಗಳಿನವು' ಎಂದು ನಮೂದಿಸತಕ್ಕದ್ದು.

ನೆಲ

ನೆಲದ ಮೇಲಿನ ಪರಿಣಾಮವನ್ನು ಬರೆಯುವಾಗ ಒಂದು ಗುಣಾಕಾರದಿಂದ ಆರಂಭಿಸುವುದು ಒಳ್ಳೆಯದು. 65 ಕಿಲೋಮೀಟರ್ ಉದ್ದವನ್ನು 100 ಮೀಟರ್ ಅಗಲದಿಂದ ಗುಣಿಸಿದರೆ 650 ಹೆಕ್ಟೇರ್, ಅಂದರೆ ಸುಮಾರು 1,606 ಎಕರೆ ಬರುತ್ತದೆ. 2007ರಲ್ಲಿ ಅಧಿಸೂಚಿತವಾದದ್ದು ಸುಮಾರು 1,810 ಎಕರೆ. ಉಳಿದ 200 ಎಕರೆ ಏತಕ್ಕೆ ಎಂದು ವರದಿಯಲ್ಲಿ ಹುಡುಕಬೇಕು. ಹೆದ್ದಾರಿಗಳು ಕೂಡುವಲ್ಲಿ ಮೇಲ್ಸೇತುವೆಯ ಕವಲುಗಳಿಗೆ, ಸುಂಕದ ಕಟ್ಟೆಗಳಿಗೆ ಹೆಚ್ಚು ಜಾಗ ಬೇಕಾಗುವುದು ಸಹಜ. ಪೀಣ್ಯ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಉದ್ದಿಮೆಗಳಿಗೆ ನೇರವಾಗಿ ತಟ್ಟುವುದು ಈ ಕವಲುಗಳೇ ಆಗಿರುವುದರಿಂದ ಅವುಗಳ ಸ್ಥಳವನ್ನು ಸರ್ವೆ ನಂಬರ್ ಸಹಿತ ಬರೆದುಕೊಳ್ಳುವುದು ಉಪಯುಕ್ತ.

ಮರಗಳ ಲೆಕ್ಕವು ಈ ಪ್ರಕರಣದ ಅತ್ಯಂತ ಬೋಧಪ್ರದ ಭಾಗ. ಯೋಜನೆಯ ಆರಂಭದ ದಾಖಲೆಯಲ್ಲಿ ಕಡಿಯಬೇಕಾದ ಮರಗಳ ಸಂಖ್ಯೆ ನೂರರ ಲೆಕ್ಕದಲ್ಲಿತ್ತು. ಅನಂತರದ ದಾಖಲೆಯಲ್ಲಿ ಅದು 16,685 ಆಯಿತು. ನ್ಯಾಯಾಲಯದ ಆದೇಶದ ನಂತರ 2020ರಲ್ಲಿ ಸಿದ್ಧವಾದ ಹೊಸ ವರದಿಯಲ್ಲಿ 33,838 ಎಂದು ಬಂದಿತು. ಇಂಥಲ್ಲಿ ಸಾರಾಂಶಕಾರರು ಎರಡು ತಪ್ಪುಗಳನ್ನು ಮಾಡುವ ಸಂಭವವಿದೆ. ಇತ್ತೀಚಿನ ಸಂಖ್ಯೆಯೊಂದನ್ನೇ ಇಟ್ಟುಕೊಂಡು ಹಿಂದಿನವನ್ನು ಕೈಬಿಡುವುದು ಒಂದು. ಸಂಖ್ಯೆ ಬದಲಾದ ಮಾತ್ರಕ್ಕೆ ಮೋಸವೆಂದು ತೀರ್ಪು ಕೊಡುವುದು ಇನ್ನೊಂದು. ರಸ್ತೆಯ ಜಾಡು ಬದಲಾಗಿರಬಹುದು, ಎಷ್ಟು ದಪ್ಪದ ಗಿಡವನ್ನು ಮರವೆಂದು ಎಣಿಸಬೇಕೆಂಬ ಅಳತೆ ಬದಲಾಗಿರಬಹುದು, ಹತ್ತು ವರ್ಷದಲ್ಲಿ ಸಸಿಗಳು ಬೆಳೆದಿರಲೂಬಹುದು. ಮೂರೂ ಸಂಖ್ಯೆಗಳನ್ನು ವರ್ಷ ಸಮೇತ ಒಂದೇ ಸಾಲಿನಲ್ಲಿ ಬರೆದು, 'ಎಣಿಕೆಯ ಕ್ರಮವನ್ನು ತಿಳಿಸಬೇಕು' ಎಂಬ ಪ್ರಶ್ನೆಯನ್ನು ಮುಂದೆ ಇಟ್ಟರೆ ಸಾಕು. ಅಹವಾಲು ಸಭೆಯಲ್ಲಿ ಉತ್ತರಿಸಲು ಕಷ್ಟವಾಗುವುದು ಇಂತಹ ನೇರ ಪ್ರಶ್ನೆಗೇ.

ಅರಣ್ಯದ ವಿಷಯದಲ್ಲಿಯೂ ಹೀಗೆಯೇ ಆಯಿತು. ಯಲಹಂಕ ಕಡೆಯ ಜಾರಕಬಂಡೆ ಕಾವಲ್ ಅರಣ್ಯಕ್ಕೆ ರಸ್ತೆ ತಾಗುತ್ತದೆಯೇ, ತಾಗಿದರೆ ಅನುಮತಿ ಬೇಕೇ ಎಂಬ ಬಗ್ಗೆ ಬೇರೆ ಬೇರೆ ದಾಖಲೆಗಳು ಹೊಂದಿಕೆಯಾಗುವಂತೆ ಹೇಳಿರಲಿಲ್ಲ. ಮಾರ್ಗದಲ್ಲಿದ್ದ ಪೆಟ್ರೋಲಿಯಂ ಕೊಳವೆಗಳ ಪ್ರಶ್ನೆಯನ್ನೂ ನ್ಯಾಯಾಲಯವು ಎತ್ತಿಕೊಂಡಿತು. ನೆಲದಡಿಯ ಕೊಳವೆಗಳು ಪರಿಸರದ ವಿಷಯವಲ್ಲವೆಂದು ಬಿಟ್ಟುಬಿಡುವವರು ಅನೇಕರು. ಅಪಾಯದ ದೃಷ್ಟಿಯಿಂದ ಅವು ನೆಲದ ಶೀರ್ಷಿಕೆಯಲ್ಲಿಯೇ ಸೇರಬೇಕು.

ನೀರು

ಬೆಂಗಳೂರು ಏಣಿನ ಮೇಲಿರುವ ಊರು. ಪಶ್ಚಿಮಕ್ಕೆ ಬಿದ್ದ ಮಳೆ ಅರ್ಕಾವತಿಯ ಮೂಲಕ ಕಾವೇರಿಗೂ ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೂ ಹರಿಯುತ್ತದೆ. ನಗರದ ಹೊರ ಅಂಚಿನಲ್ಲಿ ಸುತ್ತುವ ರಸ್ತೆಯು ಎರಡೂ ಕಡೆಯ ಕಾಲುವೆಗಳನ್ನು ಒಂದೊಂದಾಗಿ ಅಡ್ಡಹಾಯುತ್ತ ಹೋಗುತ್ತದೆ. ಆದ್ದರಿಂದ 'ನೀರಿನ ಮೇಲೆ ಪರಿಣಾಮ ಅಲ್ಪ' ಎಂಬ ಒಂದೇ ವಾಕ್ಯವು ಇಲ್ಲಿ ಅರ್ಥಹೀನ. ಎಷ್ಟು ಕಡೆ ಕಾಲುವೆ ದಾಟುತ್ತದೆ, ಯಾವ ಕೆರೆಯ ಒಳಹರಿವು ಮಣ್ಣಿನ ಏರಿಗೆ ಸಿಕ್ಕಿಕೊಳ್ಳುತ್ತದೆ, ಅಲ್ಲಿ ಬಿಡುವ ಮೋರಿಯ ಅಗಲವೆಷ್ಟು ಎಂಬ ಮೂರು ಮಾತುಗಳಿಗೆ ಉತ್ತರವಿದ್ದರೆ ಮಾತ್ರ ಸಾರಾಂಶ ಪೂರ್ಣ.

ತುಮಕೂರು ರಸ್ತೆಯ ಕಡೆ ಇನ್ನೊಂದು ಸೂಕ್ಷ್ಮವಿದೆ. ಒಂದು ಕಾಲದಲ್ಲಿ ನಗರಕ್ಕೆ ಮುಖ್ಯ ನೀರಿನ ಆಸರೆಯಾಗಿದ್ದ ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನ ಪ್ರದೇಶದಲ್ಲಿ ಏನನ್ನು ಕಟ್ಟಬಹುದು, ಏನನ್ನು ಕಟ್ಟಬಾರದು ಎಂದು ರಾಜ್ಯ ಸರ್ಕಾರವು 2003ರಲ್ಲಿ ವಲಯವಾರು ನಿರ್ಬಂಧಗಳನ್ನು ವಿಧಿಸಿತ್ತು. ಆ ಪ್ರದೇಶಕ್ಕೆ ರಸ್ತೆ ತಾಗುವ ಪ್ರಶ್ನೆಯೂ ಸರ್ವೋಚ್ಚ ನ್ಯಾಯಾಲಯದ ವಿಮರ್ಶೆಗೆ ಒಳಗಾಯಿತು. ಜಲಾಶಯ ಬಹು ದೂರದಲ್ಲಿದೆ ಎಂಬ ಸಮಾಧಾನವು ಇಲ್ಲಿ ಸಲ್ಲದು. ಜಲಾನಯನ ಎಂಬುದು ನೀರು ಬಂದು ಸೇರುವ ಇಡೀ ಭೂಭಾಗ.

ಪೀಣ್ಯದ ಅಂತರ್ಜಲದ ಬಗ್ಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಲೇಪನ ಘಟಕಗಳ ಕ್ರೋಮಿಯಂ ಅಲ್ಲಿನ ಕೊಳವೆಬಾವಿಗಳಿಗೆ ಇಳಿದಿರುವುದು ಹಳೆಯ ಸಂಗತಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2009ರ ಸಮಗ್ರ ಸೂಚ್ಯಂಕದಲ್ಲಿ ಪೀಣ್ಯಕ್ಕೆ 65.11 ಅಂಕ ಬಂದು ಅದು ತೀವ್ರ ಮಲಿನ ಪ್ರದೇಶಗಳ ಸಾಲಿನಲ್ಲಿತ್ತು. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಇಂತಹ ಜಾಗದಲ್ಲಿ ತೆಗೆದ ಮಾದರಿ ಮಿತಿಯನ್ನು ಮೀರಿದ್ದರೆ, 'ನೀರು ಈಗಾಗಲೇ ಕೆಟ್ಟಿದೆ, ಯೋಜನೆಯಿಂದ ಹೆಚ್ಚೇನೂ ಆಗದು' ಎಂಬ ಧಾಟಿ ವರದಿಗಳಲ್ಲಿ ಕಾಣಿಸಿಕೊಳ್ಳಬಹುದು. ಕಲುಷಿತ ನೆಲವನ್ನು ಆಳವಾಗಿ ಅಗೆದಾಗ ಆ ಮಣ್ಣನ್ನು ಎಲ್ಲಿಗೆ ಸಾಗಿಸುತ್ತಾರೆ ಎಂಬುದೇ ಅಲ್ಲಿ ಕೇಳಬೇಕಾದ ಪ್ರಶ್ನೆ. ಮಾದರಿ ತೆಗೆದ ಬಾವಿಯ ಸ್ಥಳ ಹಾಗೂ ಆಳವನ್ನು ಬರೆದಿಲ್ಲದ ಅಂಕಿಯನ್ನು ಸಾರಾಂಶಕ್ಕೆ ಸೇರಿಸದಿರುವುದೇ ಮೇಲು.

ನಿವಾಸಿಗಳು

ಈ ಶೀರ್ಷಿಕೆಯ ಕೆಳಗೆ ಧೂಳು ಮತ್ತು ಶಬ್ದವನ್ನಷ್ಟೇ ಬರೆದು ಮುಗಿಸುವ ವಾಡಿಕೆಯಿದೆ. ರಿಂಗ್ ರಸ್ತೆಯ ಜಾಡಿನ ರೈತರಿಗೆ ಎಲ್ಲಕ್ಕಿಂತ ಮೊದಲು ತಟ್ಟಿದ ಪರಿಣಾಮ ಧೂಳೂ ಅಲ್ಲ, ಶಬ್ದವೂ ಅಲ್ಲ, ಕಾಲ. 2007ರಲ್ಲಿ ಅಧಿಸೂಚಿತವಾದ ಜಮೀನನ್ನು ಮಾರುವುದು, ಅದರ ಮೇಲೆ ಸಾಲ ಪಡೆಯುವುದು, ಕಟ್ಟಡ ಕಟ್ಟುವುದು ದುಸ್ತರವಾಯಿತು. ರಸ್ತೆಯೂ ಬರಲಿಲ್ಲ, 2013ರ ಭೂಸ್ವಾಧೀನ ಕಾಯ್ದೆಯ ದರದಲ್ಲಿ ಪರಿಹಾರ ಬೇಕೆಂಬ ಬೇಡಿಕೆಯೂ ಇತ್ಯರ್ಥವಾಗದೆ ವರ್ಷಗಟ್ಟಲೆ ನಡೆಯಿತು. ಶೆಡ್ ಅಥವಾ ಗೋದಾಮು ಜಾಡಿನಲ್ಲಿದ್ದರೆ ಉದ್ದಿಮೆದಾರರ ಸ್ಥಿತಿಯೂ ಅದೇ. ಆದುದರಿಂದ ಸ್ವಾಧೀನದ ವೇಳಾಪಟ್ಟಿ ಹಾಗೂ ಪರಿಹಾರ ಯಾವ ಕಾಯ್ದೆಯಡಿ ಎಂಬುದನ್ನು ನಿವಾಸಿಗಳ ಭಾಗದ ಮೊದಲಲ್ಲೇ ಬರೆಯಬೇಕು.

ಶಬ್ದದ ವಿಷಯದಲ್ಲಿ ಒಂದು ಲೆಕ್ಕದ ಮರ್ಮವಿದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂಬುದು 2000ದ ನಿಯಮಗಳ ಮಿತಿ. ಕೈಗಾರಿಕಾ ಪ್ರದೇಶದಲ್ಲಿ ಅದು 75 ಮತ್ತು 70. ವರದಿಯು 'ಕೇವಲ 3 ಡೆಸಿಬೆಲ್ ಏರಿಕೆ' ಎಂದರೆ ಓದುಗರು ನೂರಕ್ಕೆ ಐದರಷ್ಟು ಎಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅಷ್ಟು ಏರಿಕೆಯಾಗಬೇಕಾದರೆ ವಾಹನಗಳ ಸಂಖ್ಯೆ ಸರಿಸುಮಾರು ಇಮ್ಮಡಿಯಾಗಬೇಕು. ಸಾರಾಂಶದಲ್ಲಿ ಡೆಸಿಬೆಲ್ ಪಕ್ಕದಲ್ಲಿ 'ವಾಹನ ಸಂಚಾರ ಇಮ್ಮಡಿಯಾದಂತೆ' ಎಂದು ಸೇರಿಸಿದರೆ ಸಾಮಾನ್ಯ ಸದಸ್ಯರಿಗೂ ತಿಳಿಯುತ್ತದೆ. ಹಾಗೆಯೇ, ಬೇಲಿ ಹಾಕಿದ ಎಂಟು ಪಥದ ರಸ್ತೆಯನ್ನು ಎಲ್ಲೆಂದರಲ್ಲಿ ದಾಟಲಾಗದು. ಹಳ್ಳಿಯಿಂದ ಕಾರ್ಖಾನೆಗೆ ನಡೆದು ಬರುವ ಕಾರ್ಮಿಕರಿಗೆ ಕೆಳದಾರಿ ಎಷ್ಟನೇ ಕಿಲೋಮೀಟರಿನಲ್ಲಿದೆ ಎಂಬುದು ಅವರ ದಿನದ ಅರ್ಧ ಗಂಟೆಯ ಪ್ರಶ್ನೆ.

ಭರವಸೆಗಳು

ನಿರ್ವಹಣಾ ಯೋಜನೆಯ ಅಧ್ಯಾಯದಲ್ಲಿ ರಕ್ಷಣಾ ಕ್ರಮಗಳು ಪುಟಗಟ್ಟಲೆ ಇರುತ್ತವೆ. ಅವುಗಳನ್ನು ನಕಲು ಮಾಡುವುದು ಸಾರಾಂಶವಲ್ಲ. ಪ್ರತಿಯೊಂದು ಭರವಸೆಯ ಮುಂದೆ ಯಾರು ಮಾಡುತ್ತಾರೆ, ಯಾವಾಗ ಮಾಡುತ್ತಾರೆ, ಯಾವ ಹಣದಿಂದ ಮಾಡುತ್ತಾರೆ ಎಂದು ಬರೆಯಲು ಪ್ರಯತ್ನಿಸಬೇಕು. ಬರೆಯಲಾಗದಿದ್ದರೆ ಜಾಗವನ್ನು ಖಾಲಿ ಬಿಡಬೇಕು. ಖಾಲಿ ಜಾಗಗಳೇ ಸಂಘದ ಲಿಖಿತ ಆಕ್ಷೇಪಣೆಯ ಕರಡು ಆಗುತ್ತವೆ. 'ಸಾಧ್ಯವಾದಷ್ಟು', 'ಅಗತ್ಯ ಬಿದ್ದಲ್ಲಿ', 'ಪರಿಶೀಲಿಸಲಾಗುವುದು' ಎಂಬ ಪದಗಳಿರುವ ವಾಕ್ಯವನ್ನು ಭರವಸೆಯೆಂದು ಎಣಿಸಲಾಗದು.

ಎರಡು ಭರವಸೆಗಳನ್ನು ಪರೀಕ್ಷಿಸಿ ನೋಡಬಹುದು. ಕಡಿದ ಒಂದು ಮರಕ್ಕೆ ಹತ್ತು ಸಸಿ ನೆಡುವ ಮಾತನ್ನು ಪ್ರವರ್ತಕರು ಕೊಟ್ಟರೆಂದು ಭಾವಿಸೋಣ. 16,685 ಮರಗಳಿಗೆ 1,66,850 ಸಸಿಗಳಾದವು. ಮೂರು ಮೀಟರ್ ಅಂತರದಲ್ಲಿ ನೆಟ್ಟರೆ ಪ್ರತಿ ಸಸಿಗೆ 9 ಚದರ ಮೀಟರ್ ಬೇಕು. ಒಟ್ಟು ಸುಮಾರು 150 ಹೆಕ್ಟೇರ್, ಎಂದರೆ 370 ಎಕರೆ. ಬೆಂಗಳೂರಿನ ಅಂಚಿನಲ್ಲಿ ಆ ಭೂಮಿ ಯಾವ ಗ್ರಾಮದ್ದು ಎಂದು ವರದಿ ಹೇಳದಿದ್ದರೆ ಸಸಿಗಳ ಸಂಖ್ಯೆ ಕಾಗದದಲ್ಲೇ ಉಳಿಯುತ್ತದೆ. ಇನ್ನೊಂದು, ಧೂಳು ಅಡಗಿಸಲು ನೀರು ಚಿಮುಕಿಸುವ ಭರವಸೆ. ಇದು ಎಲ್ಲ ರಸ್ತೆ ವರದಿಗಳಲ್ಲಿಯೂ ಇರುತ್ತದೆ, ಯಾರೂ ಪ್ರಶ್ನಿಸುವುದಿಲ್ಲ. ಆದರೆ 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾದಾಗ ಜಲಮಂಡಳಿಯು ಕುಡಿಯುವ ನೀರನ್ನು ಕಟ್ಟಡ ಕಾಮಗಾರಿಗೆ ಬಳಸುವುದನ್ನೇ ನಿಷೇಧಿಸಬೇಕಾಯಿತು. ಟ್ಯಾಂಕರಿನ ನೀರು ಹಳ್ಳಿಯ ಕೊಳವೆಬಾವಿಯಿಂದ ಬರುತ್ತದೆಯೋ ಸಂಸ್ಕರಣಾ ಘಟಕದಿಂದಲೋ ಎಂದು ಕೇಳಿದ ಕ್ಷಣ ಧೂಳಿನ ಪುಟವು ನೀರಿನ ಪುಟಕ್ಕೆ ಕೊಂಡಿಯಾಗುತ್ತದೆ. ನೀರಿನ ಹೆಚ್ಚುವರಿ ಬಳಕೆಯನ್ನು ನೀರಿನ ಶೀರ್ಷಿಕೆಯಲ್ಲಿ ಎಣಿಸದೆ ರಕ್ಷಣೆಯ ಶೀರ್ಷಿಕೆಯಲ್ಲಿ ಮಾತ್ರ ತೋರಿಸುವುದು ಈ ವರದಿಗಳ ಸಾಮಾನ್ಯ ದೌರ್ಬಲ್ಯ.

ಸಾರಾಂಶದ ಉಪಯೋಗವು ಅಹವಾಲು ಸಭೆಗೆ ಮುಗಿಯುವುದಿಲ್ಲ. ವರದಿಯಲ್ಲಿ ನುಡಿದ ಕ್ರಮವು ಅನುಮತಿ ಪತ್ರದಲ್ಲಿ ಸ್ಪಷ್ಟ ಷರತ್ತಾಗಿ ಬಂದಿದ್ದರೆ ಮುಂದೆ ಅದನ್ನು ಹಿಡಿದು ಕೇಳುವುದು ಸುಲಭ. ಆದ್ದರಿಂದ ಅನುಮತಿ ಹೊರಬಿದ್ದ ಕೂಡಲೇ ಎರಡು ಪುಟಗಳನ್ನು ಪತ್ರದೊಂದಿಗೆ ಹೋಲಿಸಿ, ಪ್ರತಿ ಭರವಸೆಯ ಎದುರು ಷರತ್ತಿನ ಸಂಖ್ಯೆಯನ್ನು ಬರೆದಿಡಬೇಕು. ಈ ಹೋಲಿಕೆಯನ್ನು ಮುಂದೂಡುವಂತಿಲ್ಲ. ಅನುಮತಿಯ ವಿರುದ್ಧ ಹಸಿರು ನ್ಯಾಯಮಂಡಳಿಗೆ ಹೋಗಲು 30 ದಿನಗಳು, ಸಮರ್ಥ ಕಾರಣವಿದ್ದರೆ ಇನ್ನೂ 60 ದಿನಗಳು ಮಾತ್ರ ಇರುತ್ತವೆ. ಅಲ್ಲಿಂದ ಮುಂದೆ ಪ್ರವರ್ತಕರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಷರತ್ತುಗಳ ಪಾಲನಾ ವರದಿ ಸಲ್ಲಿಸಬೇಕು, ಅವು ಸಾರ್ವಜನಿಕ ದಾಖಲೆಗಳು. ಸಂಘದ ಕಚೇರಿಯಲ್ಲಿ ಕಡತವೊಂದನ್ನು ತೆರೆದು, ಎಡಕ್ಕೆ ಆ ಎರಡು ಪುಟಗಳನ್ನೂ ಬಲಕ್ಕೆ ಆರು ತಿಂಗಳಿಗೊಮ್ಮೆ ಬರುವ ಪಾಲನಾ ವರದಿಯನ್ನೂ ಜೋಡಿಸುತ್ತ ಹೋದರೆ, ಸಸಿಗಳ ಸಾಲಿನಲ್ಲಿ ಎರಡೂ ಕಡೆ ಒಂದೇ ಸಂಖ್ಯೆ ಇದೆಯೇ ಎಂದು ಗುಮಾಸ್ತರೊಬ್ಬರೇ ಹೇಳಬಲ್ಲರು.